ಟಾಪರ್ ಫೋಟೊ ಇಲ್ಲದ ಟ್ಯೂಷನ್ ಜಾಹೀರಾತು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಎರಡೇ ದಿನಕ್ಕೆ ಊರಿನ ಸರ್ಕಲ್‌ನಲ್ಲಿ ಫ್ಲೆಕ್ಸ್ ಏಳುತ್ತದೆ. ಮೇಲೆ ಟ್ಯೂಷನ್ ಸೆಂಟರಿನ ಹೆಸರು, ನಡುವೆ 625ಕ್ಕೆ ಇಷ್ಟು ಎಂದು ಅಂಕ ಬರೆದ ಆರೇಳು ಮುಖಗಳು, ಕೆಳಗೆ ‘ಪ್ರವೇಶ ಆರಂಭವಾಗಿದೆ, ಕೆಲವೇ ಸೀಟು ಬಾಕಿ’. ಅದೇ ಫೋಟೊಗಳು ಲೋಕಲ್ ಕೇಬಲ್‌ನಲ್ಲಿ ಓಡುತ್ತವೆ, ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಹಿನ್ನೆಲೆ ಸಂಗೀತದ ಜೊತೆ ಒಂದೊಂದಾಗಿ ಬಂದು ಹೋಗುತ್ತವೆ. ನೋಡಿದ ತಂದೆತಾಯಿಗೆ ಆ ಆರೇಳು ಮಕ್ಕಳು ಚೆನ್ನಾಗಿ ಓದಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಆ ಕೊಠಡಿಯೊಳಗೆ ಸಂಜೆ ಐದೂವರೆಯಿಂದ ಏಳರವರೆಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಫೀಸು ಕಟ್ಟುವುದು ಮಾತ್ರ ಆ ಒಂದೂವರೆ ಗಂಟೆಗೆ.

ಫೋಟೊ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ಹೇಳುವ ಸಂಗತಿ ಬೇರೆಯದು. ಒಂದು ಸೆಂಟರಿನಲ್ಲಿ ಹತ್ತನೇ ತರಗತಿಯ 120 ಮಕ್ಕಳಿದ್ದಾರೆ ಎಂದುಕೊಳ್ಳಿ. ಫ್ಲೆಕ್ಸ್ ಮೇಲೆ ಬಂದವರು ಆರು ಮಂದಿ. ಉಳಿದ 114 ಮಕ್ಕಳ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಆ ಆರು ಮಂದಿಯೂ ಜೂನ್‌ನಲ್ಲಿ ಸೇರುವಾಗಲೇ ತೊಂಬತ್ತೈದರ ಮೇಲೆ ತೆಗೆಯುತ್ತಿದ್ದವರೋ, ಅರವತ್ತರಿಂದ ಮೇಲೆ ಬಂದವರೋ ತಿಳಿಯುವ ದಾರಿಯಿಲ್ಲ. ಪ್ರವೇಶ ಪರೀಕ್ಷೆ ಇಟ್ಟು ಮುಂದಿನ ಸಾಲಿನ ಮಕ್ಕಳಿಗೆ ಫೀಸು ಬಿಟ್ಟು ಸೇರಿಸಿಕೊಳ್ಳುವ ಕಡೆಯಂತೂ ಮಾರ್ಚ್‌ನ ಫಲಿತಾಂಶ ಜೂನ್‌ನಲ್ಲೇ ಅರ್ಧ ನಿರ್ಧಾರವಾಗಿರುತ್ತದೆ. ಈಗಷ್ಟೇ ಐವತ್ತೈದು ತೆಗೆಯುತ್ತಿರುವ ಮಗುವಿನ ತಾಯಿಗೆ ಬೇಕಾದ ಉತ್ತರ ಆ ಮುಖಗಳಲ್ಲಿ ಇಲ್ಲ.

ಕಾನೂನಿನ ಕಡೆಯಿಂದಲೂ ಈ ಫೋಟೊಗಳ ದಾರಿ ಈಗ ಮೊದಲಿನಷ್ಟು ಸಲೀಸಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಐವತ್ತಕ್ಕಿಂತ ಹೆಚ್ಚು ಮಕ್ಕಳಿರುವ ಕೇಂದ್ರಗಳು ಅದರ ವ್ಯಾಪ್ತಿಗೆ ಬರುತ್ತವೆ. ಟ್ಯೂಷನ್ ಕೂಡ ಅದರಲ್ಲಿ ಸೇರಿದೆ. ಯಶಸ್ವಿಯಾದ ವಿದ್ಯಾರ್ಥಿಯ ಹೆಸರು, ಫೋಟೊ ಬಳಸಲು ಲಿಖಿತ ಒಪ್ಪಿಗೆ ಬೇಕು, ಅದೂ ಫಲಿತಾಂಶ ಬಂದ ಮೇಲೆ ಪಡೆದದ್ದಾಗಿರಬೇಕು. ಸೇರಿಸಿಕೊಳ್ಳುವಾಗಲೇ ಅರ್ಜಿಯ ಮೂಲೆಯಲ್ಲಿ ಸಹಿ ಹಾಕಿಸಿಕೊಂಡರೆ ನಡೆಯುವುದಿಲ್ಲ. ಆ ವಿದ್ಯಾರ್ಥಿ ಯಾವ ಕೋರ್ಸ್ ತೆಗೆದುಕೊಂಡಿದ್ದ, ಎಷ್ಟು ಕಾಲ ಕಲಿತ, ಅದು ದುಡ್ಡು ಕೊಟ್ಟು ಸೇರಿದ್ದೋ ಅಲ್ಲವೋ ಎನ್ನುವುದನ್ನೂ ಫೋಟೊದ ಪಕ್ಕದಲ್ಲೇ ಹೇಳಬೇಕು. ಸೀಟು ಮುಗಿಯುತ್ತಿದೆ ಎಂದು ಸುಳ್ಳು ಅವಸರ ಹುಟ್ಟಿಸುವಂತಿಲ್ಲ. ಈ ನಿಯಮ ಬರಲು ಕಾರಣವಿತ್ತು. ಐಎಎಸ್ ಪರೀಕ್ಷೆಯ ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ತಾವೇ ಓದಿ ಪಾಸಾಗಿ, ಕೊನೆಗೆ ಒಂದು ಉಚಿತ ಸಂದರ್ಶನ ಮಾರ್ಗದರ್ಶನಕ್ಕೆ ಮಾತ್ರ ಬಂದು ಹೋದವರನ್ನೂ ‘ನಮ್ಮ ವಿದ್ಯಾರ್ಥಿ’ ಎಂದು ತೋರಿಸಿದ ಸಂಸ್ಥೆಗಳಿಗೆ ಪ್ರಾಧಿಕಾರ ದಂಡ ಹಾಕಿದೆ.

ಹಾಗಾದರೆ ಫೋಟೊ ತೆಗೆದ ಜಾಗದಲ್ಲಿ ಏನಿಡಬೇಕು? ಪಾಠದ ವಿಧಾನವನ್ನು ಇಡಿ ಎಂದರೆ ಹೆಚ್ಚಿನವರು ‘ಅನುಭವಿ ಶಿಕ್ಷಕರು, ಪ್ರತಿಯೊಬ್ಬರಿಗೂ ವೈಯಕ್ತಿಕ ಗಮನ, ಪರಿಕಲ್ಪನೆ ಆಧಾರಿತ ಬೋಧನೆ, ಸ್ಮಾರ್ಟ್ ಬೋರ್ಡ್’ ಎಂದು ಬರೆದುಕೊಡುತ್ತಾರೆ. ಇದು ವಿಧಾನವಲ್ಲ. ಈ ನಾಲ್ಕನ್ನೂ ಊರಿನ ಎಲ್ಲ ಸೆಂಟರುಗಳೂ ಹೇಳುತ್ತವೆ, ಯಾವುದೂ ಇದನ್ನು ಇಲ್ಲವೆನ್ನುವುದಿಲ್ಲ. ನಾನು ಇಂಥ ಸ್ಕ್ರಿಪ್ಟು ಬರೆಯಲು ಕೂತಾಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕುತ್ತೇನೆ: ಇದು ನಿಜವೋ ಅಲ್ಲವೋ ಎಂದು ಒಬ್ಬ ತಾಯಿ ಒಂದು ಸಂಜೆ ಬಂದು ಕೂತು ಕಂಡುಹಿಡಿಯಬಹುದೇ? ‘ವೈಯಕ್ತಿಕ ಗಮನ’ವನ್ನು ಕಂಡುಹಿಡಿಯಲಾಗದು. ‘ಒಂದು ಬ್ಯಾಚಿಗೆ 25 ಮಕ್ಕಳು’ ಎಂದರೆ ಆಕೆ ಬಾಗಿಲಲ್ಲಿ ನಿಂತೇ ತಲೆ ಎಣಿಸಬಹುದು.

ಇನ್ನೊಂದು ಸಂಗತಿ ಅದಕ್ಕಿಂತ ಮುಖ್ಯ. ಪಾಠದ ವಿಧಾನವನ್ನು ವರ್ಣಿಸಿ ತೋರಿಸಲಾಗದು, ಒಂದು ತಪ್ಪನ್ನು ತಿದ್ದುವಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಸರಿ ಉತ್ತರ ಹೇಳುವ ಮಗುವಿನ ಎದುರು ಎಲ್ಲ ಮೇಷ್ಟ್ರೂ ಒಂದೇ ಥರ ಕಾಣುತ್ತಾರೆ. ಮಗು ತಪ್ಪು ಬರೆದಾಗ ಒಬ್ಬರು ಅಳಿಸಿ ಸರಿಯಾದದ್ದನ್ನು ಬರೆಸುತ್ತಾರೆ, ಇನ್ನೊಬ್ಬರು ‘ಹೋದ ವಾರ ತಾನೇ ಹೇಳಿಕೊಟ್ಟಿದ್ದೆ’ ಎನ್ನುತ್ತಾರೆ, ಮತ್ತೊಬ್ಬರು ಆ ತಪ್ಪು ಯಾಕೆ ಬಂತು ಎಂದು ಹುಡುಕುತ್ತಾರೆ. ಈ ಮೂರರ ವ್ಯತ್ಯಾಸವೇ ಸೆಂಟರಿನಿಂದ ಸೆಂಟರಿಗಿರುವ ವ್ಯತ್ಯಾಸ. ಆದ್ದರಿಂದ ಜಾಹೀರಾತಿಗೆ ಮೊದಲು ಬೇಕಾದದ್ದು ಒಂದು ಒಳ್ಳೆಯ ತಪ್ಪು.

ಜಿಲ್ಲಾ ಕೇಂದ್ರವೊಂದರಲ್ಲಿ 8, 9, 10ನೇ ತರಗತಿಗೆ ಗಣಿತ, ವಿಜ್ಞಾನ ಹೇಳುವ ಸಣ್ಣ ಸೆಂಟರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗಣಿತದಲ್ಲಿ ನಾನು ಆರಿಸುವ ತಪ್ಪು ಇದು: (a + b)² = a² + b². ಹೈಸ್ಕೂಲಿನಲ್ಲಿ ಗಣಿತ ಹೇಳುವ ಯಾರನ್ನು ಕೇಳಿದರೂ ಇದನ್ನು ಗುರುತಿಸುತ್ತಾರೆ. ಎರಡನ್ನೂ ಬೇರೆಬೇರೆಯಾಗಿ ವರ್ಗ ಮಾಡಿ ಕೂಡಿಸಿದರೆ ಸಾಕು ಎಂದು ಮಗುವಿನ ಮನಸ್ಸು ತಾನಾಗಿಯೇ ಅಂದುಕೊಳ್ಳುತ್ತದೆ. ಸರಿಯಾದ ಸೂತ್ರದಲ್ಲಿ ನಡುವೆ 2ab ಇದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಲೆಕ್ಕ ಮಾಡುವಾಗ ಮತ್ತೆ ಬಿಡುತ್ತಾರೆ.

ಈ ತಪ್ಪು ಎಂಟನೇ ತರಗತಿಯದು, ಆದರೆ ಅಂಕ ಕಳೆಯುವುದು ಹತ್ತರಲ್ಲಿ. ಹತ್ತನೇ ತರಗತಿಯಲ್ಲಿ ಇಂಥದೊಂದು ಲೆಕ್ಕ ಬರುತ್ತದೆ: ಲಂಬಕೋನ ತ್ರಿಭುಜದ ವಿಕರ್ಣ 13 ಸೆಂ.ಮೀ., ಉಳಿದೆರಡು ಬಾಹುಗಳಲ್ಲಿ ಒಂದು ಇನ್ನೊಂದಕ್ಕಿಂತ 7 ಸೆಂ.ಮೀ. ಹೆಚ್ಚು, ಅವೆಷ್ಟು? ಸಣ್ಣದನ್ನು x ಎಂದರೆ x² + (x + 7)² = 169 ಆಗುತ್ತದೆ. (x + 7)² ಅನ್ನು ಸರಿಯಾಗಿ ಬಿಡಿಸಿದರೆ ಕೊನೆಗೆ x² + 7x − 60 = 0 ಬಂದು, x ಬೆಲೆ 5 ಸಿಗುತ್ತದೆ; ಬಾಹುಗಳು 5 ಮತ್ತು 12. ನಡುವಿನ 14x ಬಿಟ್ಟವನಿಗೆ x² = 60 ಬರುತ್ತದೆ, ಅಲ್ಲಿಗೆ ಅವನ ಲೆಕ್ಕ ನಿಲ್ಲುತ್ತದೆ. ಪೈಥಾಗೊರಸ್ ಪ್ರಮೇಯ ಗೊತ್ತಿತ್ತು, ಸಮೀಕರಣ ಕಟ್ಟಲು ಬಂತು, ಹಿಂದಿನ ತರಗತಿಯ ಒಂದು ತೂತು ಅವನನ್ನು ಬೀಳಿಸಿತು. ಮನೆಯವರು ‘ಹತ್ತನೇ ಕ್ಲಾಸಿನ ಮ್ಯಾಥ್ಸ್ ಕಷ್ಟ’ ಎಂದುಕೊಳ್ಳುತ್ತಾರೆ.

ಕಾಗದದ ಮೇಲೆ ನಿಧಾನವಾಗಿ ಓದುವ ಕನ್ನಡ ನಿಮಿಷಕ್ಕೆ ಸುಮಾರು ನೂರು ಪದ. ಒಂದೂವರೆ ನಿಮಿಷದ ಜಾಹೀರಾತಿಗೆ ಹೆಚ್ಚೆಂದರೆ ನೂರಮೂವತ್ತು ಪದ ಸಾಕು, ಬೋರ್ಡಿನ ಮೇಲೆ ಸೀಮೆಸುಣ್ಣ ಓಡುವ ಮೌನಕ್ಕೂ ಜಾಗ ಬೇಕು. ಸ್ಕ್ರಿಪ್ಟು ಹೀಗೆ ಬರುತ್ತದೆ.

ದೃಶ್ಯ: ಬೋರ್ಡಿನ ಮೇಲೆ ಒಂದು ಹುಡುಗಿಯ ಕೈ ಬರೆಯುತ್ತಿದೆ: (a + b)² = a² + b². ಮುಖ ಕಾಣುವುದಿಲ್ಲ.
ಹಿನ್ನೆಲೆ ಧ್ವನಿ: ಒಂಬತ್ತನೇ ಕ್ಲಾಸಿನ ಎಷ್ಟೋ ಮಕ್ಕಳು ಇದನ್ನು ಹೀಗೇ ಬರೆಯುತ್ತಾರೆ. ಇದು ತಪ್ಪು. ನಮ್ಮ ಪಾಠ ಶುರುವಾಗುವುದು ಇಲ್ಲಿಂದ.

ಟೀಚರ್: a ಗೆ ಮೂರು, b ಗೆ ಎರಡು ಹಾಕಿ ನೋಡಮ್ಮಾ.
ಹುಡುಗಿ: ಈ ಕಡೆ ಐದರ ವರ್ಗ, ಇಪ್ಪತ್ತೈದು ಮಿಸ್. ಆ ಕಡೆ ಒಂಬತ್ತು ಪ್ಲಸ್ ನಾಲ್ಕು... ಹದಿಮೂರು.
ಟೀಚರ್: ಇನ್ನು ಹನ್ನೆರಡು ಎಲ್ಲಿ ಹೋಯ್ತು?

ದೃಶ್ಯ: ಟೀಚರ್ ಒಂದು ಚೌಕ ಬರೆದು ಪ್ರತಿ ಬಾಹುವನ್ನು 3 ಮತ್ತು 2 ಎಂದು ಭಾಗ ಮಾಡುತ್ತಾರೆ. ಚೌಕ ನಾಲ್ಕು ತುಂಡಾಗುತ್ತದೆ. ಹುಡುಗಿ ಒಂದರಲ್ಲಿ 9, ಇನ್ನೊಂದರಲ್ಲಿ 4 ಬರೆದು ನಿಲ್ಲುತ್ತಾಳೆ. ಐದು ಸೆಕೆಂಡ್ ಯಾರೂ ಮಾತಾಡುವುದಿಲ್ಲ.
ಹುಡುಗಿ: ಈ ಎರಡು ಆಯತ ಬಿಟ್ಟುಹೋಗಿದೆ ಮಿಸ್. ಆರು, ಆರು.
ಟೀಚರ್: ಹಾಗಾದ್ರೆ ಸೂತ್ರದಲ್ಲಿ ಏನು ಬಿಟ್ಟಿದ್ದೆ?
ಹುಡುಗಿ: ಟೂ ಎ ಬಿ.

ದೃಶ್ಯ: ನೋಟ್‌ಬುಕ್ಕಿನ ಹಾಳೆ. 102² = 10404.
ಹಿನ್ನೆಲೆ ಧ್ವನಿ: ಎಂಟು ದಿನ ಬಿಟ್ಟು ಅದೇ ಲೆಕ್ಕ ಬೇರೆ ರೂಪದಲ್ಲಿ ಬರುತ್ತದೆ. ಪುಸ್ತಕ ಮುಚ್ಚಿ ಮಾಡಬೇಕು. ಒಂದು ಬ್ಯಾಚಿಗೆ 25 ಮಕ್ಕಳು. ವಾರಕ್ಕೆ ಎರಡು ಸಲ ಪ್ರತಿ ಮಗುವಿನ ಲೆಕ್ಕದ ಪುಸ್ತಕ ನೋಡಿ, ಎಲ್ಲಿ ತಪ್ಪಿತು ಎಂದು ಬರೆದುಕೊಡುತ್ತೇವೆ.

ದೃಶ್ಯ: ಹಿಂದಿನ ಬೆಂಚು. ಒಬ್ಬ ತಾಯಿ ಕೂತಿದ್ದಾರೆ.
ಹಿನ್ನೆಲೆ ಧ್ವನಿ: ಮೊದಲ ಮೂರು ದಿನ ಬಂದು ಕೂತು ನೋಡಲಿ. ನೀವೂ ಬನ್ನಿ. ಫೀಸಿನ ಮಾತು ಆಮೇಲೆ. ಮಧ್ಯದಲ್ಲಿ ಬಿಟ್ಟರೆ ಉಳಿದ ತಿಂಗಳ ಹಣ ವಾಪಸ್ಸು.

ಕೊನೆಗೆ ತರಗತಿ, ವಿಷಯ, ಸಮಯ, ವಿಳಾಸ, ಫೋನ್ ನಂಬರ್ ಪರದೆಯ ಮೇಲೆ ಬಂದರೆ ಸಾಕು, ಅವನ್ನು ಓದಿ ಹೇಳಬೇಕಿಲ್ಲ.

ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಆ ಐದು ಸೆಕೆಂಡಿನ ಮೌನ. ಎಡಿಟ್ ಮಾಡುವ ಹುಡುಗರು ಮೊದಲು ಕತ್ತರಿ ಹಾಕುವುದು ಅಲ್ಲಿಗೇ, ‘ಖಾಲಿ ಹೋಗ್ತಿದೆ ಸರ್’ ಎನ್ನುತ್ತಾರೆ. ಹಾಕಲು ಬಿಡಬಾರದು. ಮಗು ಯೋಚಿಸುವವರೆಗೆ ಟೀಚರ್ ಕಾಯುತ್ತಾರೆ, ಉತ್ತರವನ್ನು ಬಾಯಿಗೆ ಇಡುವುದಿಲ್ಲ ಎನ್ನುವುದನ್ನು ಆ ಐದು ಸೆಕೆಂಡ್ ಹೇಳಿದಷ್ಟು ಬೇರೆ ಯಾವ ಮಾತೂ ಹೇಳಲಾರದು. ಹಾಗೆಯೇ ‘ಹನ್ನೆರಡು ಎಲ್ಲಿ ಹೋಯ್ತು’ ಎನ್ನುವ ಪ್ರಶ್ನೆ. ಗಣಿತ ಮರೆತುಹೋಗಿರುವ ತಂದೆಗೂ 25 ಮತ್ತು 13ರ ನಡುವಿನ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಎರಡು ಆರು ಸೇರಿ ಹನ್ನೆರಡು ಆದಾಗ ಅವರಿಗೂ ಲೆಕ್ಕ ಮುಗಿದ ಸಮಾಧಾನ ಸಿಗುತ್ತದೆ. ಜಾಹೀರಾತು ನೋಡುತ್ತಲೇ ಅವರು ಒಂದು ಪಾಠ ಕಲಿತಿರುತ್ತಾರೆ. ಆ ಸೆಂಟರಿನಲ್ಲಿ ಹೇಗೆ ಹೇಳಿಕೊಡುತ್ತಾರೆ ಎಂದು ಮತ್ತೆ ವಿವರಿಸುವ ಅಗತ್ಯ ಬೀಳುವುದಿಲ್ಲ.

102ರ ವರ್ಗ ಸುಮ್ಮನೆ ಬಂದದ್ದಲ್ಲ. ಅದನ್ನು (100 + 2)² ಎಂದು ಬರೆದು ಹಳೆಯ ತಪ್ಪನ್ನೇ ಮಾಡಿದರೆ 10004 ಬರುತ್ತದೆ, ಸರಿಯಾಗಿ ಮಾಡಿದರೆ 10404. ಪಾಠ ನಿಂತಿದೆಯೋ ಇಲ್ಲವೋ ಎಂದು ಒಂದೇ ಅಂಕಿ ಹೇಳಿಬಿಡುತ್ತದೆ. ಎಂಟು ದಿನ ಬಿಟ್ಟು, ಪುಸ್ತಕ ಮುಚ್ಚಿಸಿ ಕೇಳುವುದಕ್ಕೂ ಆಧಾರವಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೆ ಓದಿದರು, ಕೆಲವರು ಓದಿದ್ದನ್ನು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ ಹೋಗಿದ್ದರು. ‘ಟ್ಯೂಷನ್ನಿನಲ್ಲಿ ಎಲ್ಲ ಅರ್ಥವಾಗುತ್ತೆ, ಪರೀಕ್ಷೇಲಿ ಬರಲ್ಲ’ ಎನ್ನುವ ಮಕ್ಕಳ ಮಾತಿಗೆ ಒಂದು ಕಾರಣ ಇಲ್ಲಿದೆ. ಆದರೆ ಈ ಸಂಶೋಧನೆಯನ್ನು ಜಾಹೀರಾತಿಗೆ ತರಬೇಡಿ. ‘ವೈಜ್ಞಾನಿಕ ವಿಧಾನ’ ಎಂಬ ಪದ ಬಂದ ಕೂಡಲೇ ಕೇಳುವವರ ಕಿವಿ ಮುಚ್ಚುತ್ತದೆ, ಎಂಟು ದಿನ ಬಿಟ್ಟು ಪುಸ್ತಕ ಮುಚ್ಚಿ ಮಾಡಿಸುತ್ತೇವೆ ಎಂದರೆ ತೆರೆಯುತ್ತದೆ.

ಇಷ್ಟಾದ ಮೇಲೆ ಬರುವುದು ಕಷ್ಟದ ಭಾಗ. ಸ್ಕ್ರಿಪ್ಟಿನ ಪ್ರತಿ ಸಾಲೂ ಸೆಂಟರಿನ ತಲೆಯ ಮೇಲೆ ಒಂದು ಕೆಲಸವಾಗಿ ಕೂರುತ್ತದೆ. ನೋಟ್‌ಬುಕ್ ನೋಡುವ ಮಾತನ್ನೇ ತೆಗೆದುಕೊಳ್ಳಿ. ಒಂದು ಮಗುವಿನ ಎರಡು ಪುಟ ನೋಡಿ, ತಪ್ಪು ಎಲ್ಲಿ ಹುಟ್ಟಿತು ಎಂದು ಒಂದು ಸಾಲು ಬರೆಯಲು ಮೂರು ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಂಡರೆ, 25 ಮಕ್ಕಳಿಗೆ 75 ನಿಮಿಷ. ವಾರಕ್ಕೆ ಎರಡು ಸಲ ಎಂದರೆ ಎರಡೂವರೆ ಗಂಟೆ, ಅದೂ ಒಂದು ಬ್ಯಾಚಿಗೆ. ಒಬ್ಬ ಟೀಚರ್ ಮೂರು ಬ್ಯಾಚ್ ತೆಗೆದುಕೊಂಡರೆ ಪಾಠದ ಹೊರಗೆ ವಾರಕ್ಕೆ ಏಳೂವರೆ ಗಂಟೆ. ಆ ಸಮಯಕ್ಕೆ ಸಂಬಳ ಕೊಡುವವರು ಮಾತ್ರ ಆ ಸಾಲು ಬರೆಯಬೇಕು. ಬ್ಯಾಚನ್ನು ಅರವತ್ತಕ್ಕೆ ಏರಿಸಿದರೆ ಒಂದು ಸುತ್ತಿಗೇ ಮೂರು ಗಂಟೆ ಬೇಕು. ಆಗ ನಡೆಯುವುದು ಕೆಂಪು ಇಂಕಿನ ಟಿಕ್ ಮಾರ್ಕು ಮಾತ್ರ. ಜಾಹೀರಾತು ಚೆನ್ನಾಗಿ ಓಡಿ, ಸೇರುವವರು ಜಾಸ್ತಿಯಾಗಿ, ಜುಲೈ ಹೊತ್ತಿಗೆ 25 ಇದ್ದದ್ದು 45 ಆಗುವುದು ಈ ದಾರಿಯ ದೊಡ್ಡ ಅಪಾಯ. ಇದಕ್ಕೆ ಒಂದೇ ಮದ್ದು: 26ನೆಯ ಮಗು ಬಂದ ದಿನ ಹೊಸ ಬ್ಯಾಚ್ ಶುರು ಮಾಡಬೇಕು, ಇಲ್ಲವೇ ಸೀಟಿಲ್ಲ ಎನ್ನಬೇಕು. ಹಾಗಾದಾಗ ಸೀಟು ತುಂಬಿದೆ ಎನ್ನುವುದು ನಿಜವಾದ ಮಾತಾಗಿರುತ್ತದೆ.

ಮೂರು ದಿನ ಬಂದು ನೋಡಿ ಎನ್ನುವ ಸಾಲಿಗೂ ಅದೇ ತೂಕ. ಜಾಹೀರಾತಿನಲ್ಲಿ ಚೌಕ ಬರೆದು ತೋರಿಸಿದ ಸೆಂಟರಿಗೆ ತಾಯಿ ಬಂದು ಕೂತಾಗ ಮೇಷ್ಟ್ರು ಗೈಡಿನಿಂದ ಪ್ರಶ್ನೋತ್ತರ ಬರೆಸುತ್ತಿದ್ದರೆ, ಆ ಸಂಜೆಯೇ ಸುದ್ದಿ ಮನೆಮನೆಗೆ ಹೋಗುತ್ತದೆ. ಫೋಟೊ ಹಾಕಿದ ಸೆಂಟರಿಗೆ ಈ ಭಯವಿಲ್ಲ, ಅದು ಪಾಠದ ಬಗ್ಗೆ ಏನನ್ನೂ ಹೇಳಿರುವುದಿಲ್ಲ. ಹಾಗಾಗಿ ಕ್ಯಾಮೆರಾ ತರುವ ಮೊದಲು ಸೆಂಟರಿನ ಎಲ್ಲ ಶಿಕ್ಷಕರೂ ಕೂತು ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಬೇಕು. ‘ಇದು ನಮ್ಮಿಂದ ವರ್ಷವಿಡೀ ಆಗುತ್ತದೆಯೇ?’ ಎಂದು ಪ್ರತಿ ಸಾಲಿಗೂ ಕೇಳಬೇಕು. ಆಗುವುದಿಲ್ಲ ಎಂದು ವಿಜ್ಞಾನದ ಟೀಚರ್ ಹೇಳಿದರೆ ಆ ಸಾಲು ಗಣಿತಕ್ಕೆ ಮಾತ್ರ ಎಂದು ಬರೆಯಿರಿ. ವಾರಕ್ಕೆ ಎರಡು ಸಲ ಆಗದಿದ್ದರೆ ಒಂದು ಸಲ ಎನ್ನಿ. ಸಣ್ಣ ಮಾತು ಉಳಿದರೆ ಸಾಕು.

ಶಿಕ್ಷಕರ ಬಗ್ಗೆ ಹೇಳುವಾಗ ಒಂದು ಎಚ್ಚರ ಬೇಕು. ‘ಹೆಸರಾಂತ ಶಾಲೆಯ ಶಿಕ್ಷಕರಿಂದಲೇ ಪಾಠ’ ಎಂಬ ಸಾಲು ಕೆಲವು ಕಡೆ ಇನ್ನೂ ಕಾಣುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 28ನೇ ಕಲಂ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸುತ್ತದೆ. ಅಂಥ ಸಾಲು ಹೆಮ್ಮೆಯಾಗಿ ಅಲ್ಲ, ಸಾಕ್ಷಿಯಾಗಿ ಉಳಿಯುತ್ತದೆ.

ಚಿತ್ರೀಕರಣಕ್ಕೆ ದೊಡ್ಡ ಸಲಕರಣೆ ಬೇಡ, ಒಂದು ಫೋನು, ಟೀಚರ್ ಕೊರಳಪಟ್ಟಿಗೆ ಸಿಕ್ಕಿಸುವ ಒಂದು ಮೈಕು ಸಾಕು. ಫ್ಯಾನ್ ಆರಿಸಿ, ಇಲ್ಲದಿದ್ದರೆ ಹುಡುಗಿಯ ‘ಆರು, ಆರು’ ಯಾರಿಗೂ ಕೇಳಿಸುವುದಿಲ್ಲ. ಬೋರ್ಡಿನ ಮೇಲೆ ಟ್ಯೂಬ್‌ಲೈಟ್ ಹೊಳೆಯದ ಕೋನ ಹುಡುಕಿ. ಸ್ಟೇಟಸ್ಸಿಗೆ ಫೋನನ್ನು ನೇರ ಹಿಡಿಯಬೇಕು, ಕೇಬಲ್‌ಗೆ ಅಡ್ಡ. ಒಂದನ್ನೇ ಕತ್ತರಿಸಿ ಎರಡಕ್ಕೂ ಬಳಸಿದರೆ ಚೌಕದ ಅರ್ಧ ಹೊರಗೆ ಹೋಗುತ್ತದೆ, ಆದ್ದರಿಂದ ಎರಡು ಸಲ ತೆಗೆಯಿರಿ. ಮಗುವಿನ ಕೈ, ಧ್ವನಿ ಮಾತ್ರ ಬಳಸಿದರೂ ತಂದೆತಾಯಿಯಿಂದ ಬರೆಸಿಕೊಂಡ ಒಪ್ಪಿಗೆ ಕೈಯಲ್ಲಿರಲಿ. ತಪ್ಪು ಬರೆದ ಮಗು ಎಂದು ಶಾಲೆಯಲ್ಲಿ ಯಾರೂ ಅವಳನ್ನು ರೇಗಿಸುವಂತಾಗಬಾರದು, ಮುಖ ತೋರಿಸದಿರುವುದು ಅದಕ್ಕೇ. ಮಕ್ಕಳಿಗೆ ಮಾತನ್ನು ಬಾಯಿಪಾಠ ಮಾಡಿಸುವುದೂ ಬೇಡ. ಆ ಲೆಕ್ಕವನ್ನು ಇನ್ನೂ ಕಲಿಯದ ಬ್ಯಾಚಿನಲ್ಲಿ ನಿಜವಾಗಿ ಪಾಠ ಮಾಡಿ, ಪೂರ್ತಿ ರೆಕಾರ್ಡ್ ಮಾಡಿ, ಬೇಕಾದ ಭಾಗ ತೆಗೆದುಕೊಳ್ಳಿ. ಸ್ಕ್ರಿಪ್ಟಿನಲ್ಲಿ ಬರೆದ ಮಾತಿಗಿಂತ ಮಗು ಆಡಿದ ಮಾತು ಯಾವಾಗಲೂ ಚೆನ್ನಾಗಿರುತ್ತದೆ.

ಇಷ್ಟು ಮಾಡಿದರೂ ಕೌಂಟರಿಗೆ ಬಂದ ಹತ್ತರಲ್ಲಿ ಕೆಲವರಾದರೂ ಕೇಳಿಯೇ ಕೇಳುತ್ತಾರೆ: ‘ಎಲ್ಲ ಸರಿ ಸಾರ್, ಟಾಪರ್ ಯಾರೂ ಇಲ್ವಾ ನಿಮ್ಮಲ್ಲಿ?’ ಆ ಪ್ರಶ್ನೆಗೆ ಸಿಡುಕಬಾರದು. ಅವರಿಗೆ ಬೇಕಾದದ್ದು ಭರವಸೆ, ಕೇಳಲು ಗೊತ್ತಿರುವುದು ಅದೊಂದೇ ಪ್ರಶ್ನೆ. ಕೌಂಟರಿನಲ್ಲಿ ಕೂತವರ ಕೈಯಲ್ಲಿ ಒಂದೇ ಹಾಳೆ ಇರಲಿ: ಹೋದ ವರ್ಷ ಹತ್ತನೇ ತರಗತಿಗೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮಧ್ಯೆ ಬಿಟ್ಟರು, ಗಣಿತದಲ್ಲಿ ಜೂನ್‌ನ ಮೊದಲ ಟೆಸ್ಟಿನಲ್ಲಿ ಮೂವತ್ತೈದಕ್ಕಿಂತ ಕಡಿಮೆ ಇದ್ದವರು ಎಷ್ಟು, ಅವರಲ್ಲಿ ಬೋರ್ಡ್ ಪರೀಕ್ಷೆಯಲ್ಲಿ ಪಾಸಾದವರು ಎಷ್ಟು. ಹೆಸರು ಬೇಡ, ಫೋಟೊ ಬೇಡ. ಪಾಸಾಗದೆ ಉಳಿದವರ ಸಂಖ್ಯೆಯೂ ಆ ಹಾಳೆಯಲ್ಲಿರಬೇಕು. ‘ಟೆಸ್ಟು ನಮ್ಮದು, ಪರೀಕ್ಷೆ ಬೋರ್ಡಿನದು, ಎರಡರ ಕಷ್ಟ ಒಂದೇ ಅಲ್ಲ’ ಎಂದು ಬಾಯಲ್ಲೂ ಹೇಳಬೇಕು. ಸೋತವರ ಲೆಕ್ಕವನ್ನೂ ತೋರಿಸುವ ಸೆಂಟರನ್ನು ತಂದೆತಾಯಿ ನಂಬುತ್ತಾರೆ ಎನ್ನುವುದು ನನ್ನ ಗಟ್ಟಿ ನಂಬಿಕೆ. ಹೊಸದಾಗಿ ತೆರೆದ ಸೆಂಟರಾದರೆ ಆ ಹಾಳೆ ಖಾಲಿ ಇರುತ್ತದೆ, ಹಾಗೆಂದೇ ಹೇಳಿ ಹಿಂದಿನ ಬೆಂಚು ತೋರಿಸಲಿ.

ಈ ಮೇ ತಿಂಗಳಲ್ಲಿ ಮಗನಿಗೋ ಮಗಳಿಗೋ ಟ್ಯೂಷನ್ ಹುಡುಕುತ್ತಿರುವವರಿಗೆ ನನ್ನದೊಂದು ಮಾತು. ಯಾವ ಸೆಂಟರಿಗೆ ಹೋದರೂ, ನಿಮ್ಮಲ್ಲಿ ಐವತ್ತು ಅರವತ್ತು ತೆಗೆಯುವ ಒಂದು ಮಗುವಿನ ಹೋದ ವರ್ಷದ ಲೆಕ್ಕದ ಪುಸ್ತಕವನ್ನು ಹೆಸರು ಮುಚ್ಚಿ ತೋರಿಸಿ ಎಂದು ಕೇಳಿ. ಬರೀ ಟಿಕ್ ಇದ್ದರೆ ಮುಂದಿನ ಸೆಂಟರಿಗೆ ಹೋಗಿ. ತಪ್ಪಿನ ಪಕ್ಕದಲ್ಲಿ ಟೀಚರ್ ಕೈಬರಹ ಇದ್ದರೆ ಕೂತು ಫೀಸಿನ ಮಾತಾಡಿ.